ಆಂಡೀಸ್‌ನಲ್ಲಿ ಹುಟ್ಟಿದ ಗಿಡ

ಸಂಜೆ ಐದು ಗಂಟೆ, ಪಿನಾರ್ ದೆಲ್ ರಿಯೊ, ಕ್ಯೂಬಾ.

ಎವೆಲಿಯೊ,

ಸಿಗಾರ್ ಕಾರ್ಖಾನೆಯಲ್ಲಿ ನಾವು ಎಲೆ ಸುತ್ತುವಾಗ ನೀನು ಕೂತು ನಮಗೆ ಓದಿ ಹೇಳುತ್ತಿದ್ದ, ನೀನು ಹೋದ ಮೇಲೆ ಖಾಲಿ ಉಳಿದ ಕುರ್ಚಿಗೆ ಇವತ್ತು ನಮ್ಮ ಮಗಳು ಯಾನೆಲಿಸ್ ಪರೀಕ್ಷೆ ಕೊಟ್ಟಳು. ತಂಬಾಕಿನ ಚರಿತ್ರೆಯ ಪ್ರಬಂಧಕ್ಕೆ ತಾನೇ ಬರೆದ ರೂಪುರೇಷೆ ಓದಿದಳು.

"ಒಂದು, ಮೊದಲ ಬೇಸಾಯ ಆಂಡೀಸ್ ಬೆಟ್ಟಗಳಲ್ಲಿ, ಕ್ಯೂಬಾದಲ್ಲಲ್ಲ."

ಒಪ್ಪದವರು ಎಲೆ ಕತ್ತರಿಸುವ ಚಾಕುಗಳನ್ನು ನೆಲಕ್ಕೆ ಬೀಳಿಸಿದರು.

"ಅಪ್ಪನ ಥರಾನೇ ತಲೆಹರಟೆ!" ಎಂದ ನನ್ನ ಪಕ್ಕದಲ್ಲಿ ಎಲೆ ಸುತ್ತುವ ಓಸ್ವಾಲ್ದೊ.

"ಹುಟ್ಟಿದ್ದಷ್ಟೇ ಅಲ್ಲಿ ಮಾವ, ಹೆಸರು ಮಾಡಿದ್ದು ನಮ್ಮನೇಲಿ. ಮುಂದೆ ಕೇಳಿ!"

ಎಲ್ಲರೂ ನಕ್ಕರು. ಅವಳು ಮುಂದುವರಿಸಿದಳು: ಎಲೆ ಸುತ್ತಿ ಸೇದಿದ ಕ್ಯೂಬಾದ ಮೂಲನಿವಾಸಿ ತಾಯಿನೊ ಜನ, ಬೀಜ ಒಯ್ದ ಸ್ಪೇನಿನ ಹಡಗು, ರಾಜನ ಏಕಸ್ವಾಮ್ಯ, ವರ್ಜೀನಿಯಾದಲ್ಲಿ ಗುಲಾಮರು ದುಡಿದ ಹೊಲ, ಸಿಗರೇಟು ಯಂತ್ರ, ಲೋಕದ ಮಾರುಕಟ್ಟೆ. ಮುಗಿದಾಗ ಚಾಕುಗಳು ಹಲಗೆಯ ಮೇಲೆ ಟಕಟಕ ಬಡಿದು ಮೆಚ್ಚಿದವು.

ನೀನು ಇದೇ ಆಂಡೀಸ್ ಮಾತು ಓದಿದ ದಿನ ಮೊದಲು ನೆಲಕ್ಕೆ ಬಿದ್ದದ್ದು ನನ್ನ ಚಾಕು. ಇವತ್ತು ಮೊದಲು ಬಡಿದದ್ದೂ ಅದೇ.

ಅವಳನ್ನೇ ಆರಿಸಿದೆವು; ನಾಳೆ ಬೆಳಿಗ್ಗೆ ಎಂಟಕ್ಕೆ ಅವಳು ನಿನ್ನ ಕುರ್ಚಿಯಲ್ಲಿ ಕೂರುತ್ತಾಳೆ.