ಏಳನೆಯ ಬಗೆಯ ಕನಸು

ಮನೆ,
ಹದಿನೆಂಟನೇ ತಾರೀಖು, ಶುಕ್ರವಾರ, ಮಧ್ಯಾಹ್ನ

ನನ್ನ ಪ್ರೀತಿಯ ಇವಳಿಗೆ,

ಹೇಗಿದ್ದೀಯೆ? ಮೊದಲು ಕಣ್ಣಿನ ವಿಷಯ ಹೇಳು. ಊತ ಇಳಿದಿದೆ, ಕೆಳಗೆ ಹಳದಿ ಕಲೆ ಮಾತ್ರ ಉಳಿದಿದೆ ಎಂದು ನಿನ್ನ ತಂಗಿ ಫೋನಿನಲ್ಲಿ ಹೇಳಿದಳು. ನಿನ್ನ ಕೈಗೆ ಫೋನು ಕೊಟ್ಟಾಗ ನಿನ್ನ ಉಸಿರು ಕೇಳಿಸಿತು, ಮಾತು ಕೇಳಿಸಲಿಲ್ಲ. ಅದಕ್ಕೇ ಈ ಕಾಗದ. ಕಾಗದವನ್ನು ಮಧ್ಯದಲ್ಲಿ ಕಟ್ ಮಾಡಲು ಬರುವುದಿಲ್ಲವಲ್ಲ, ಹರಿದು ಹಾಕಬಹುದು ಅಷ್ಟೆ. ಹರಿಯುವುದಾದರೆ ಕೊನೆಯವರೆಗೆ ಓದಿ ಹರಿ. ಓದುವ ಕನ್ನಡಕ ನಿನ್ನ ಕೈಚೀಲದ ಹೊರಜೇಬಿನಲ್ಲಿದೆ, ಮನೆಯೆಲ್ಲ ಹುಡುಕಬೇಡ.

ಇಲ್ಲಿ ಎಲ್ಲ ನಡೆಯುತ್ತಿದೆ. ಅಂಗಡಿ ಬಾಗಿಲು ಒಂಬತ್ತಕ್ಕೆ ತೆಗೆಯುತ್ತೇನೆ. ಶಾಲೆಯ ಸಮವಸ್ತ್ರದ ಕೆಲಸ ಬಂದಿದೆ, ನಲವತ್ತು ಅಂಗಿ. ಗುಂಡಿಗೆ ಕಾಜಾ ಹಾಕುವುದಕ್ಕೆ ನೀನಿಲ್ಲದೆ ಕೈಕಾಲೇ ಆಡುತ್ತಿಲ್ಲ. ಬಂದವರೆಲ್ಲ 'ಅಕ್ಕ ಎಲ್ಲಿ' ಎಂದು ಕೇಳುತ್ತಾರೆ. ತಂಗಿಯ ಮನೆಗೆ ಹೋಗಿದ್ದಾಳೆ ಎನ್ನುತ್ತೇನೆ, ಅದೇನು ಸುಳ್ಳಲ್ಲ. ಯಾಕೆ ಎಂದು ಕೇಳಿದರೆ ಬಾಯಿಗೆ ಬಟನ್ ಹಾಕಿಕೊಂಡು ಮಿಷನ್ ತುಳಿಯುತ್ತೇನೆ. ನೀನಂತೂ ಎಲ್ಲರಿಗೂ ಕಣ್ಣಿಗೆ ಬಾಗಿಲು ಬಡಿಯಿತು ಎಂದು ಹೇಳಿ ಹೋದೆ. ಅದನ್ನು ಕೇಳಿಸಿಕೊಂಡು ನಾನು ಪಕ್ಕದಲ್ಲೇ ನಿಂತಿದ್ದೆನಲ್ಲ ಮಾರಾಯ್ತಿ.

ನಿನಗೆ ಪೆಟ್ಟು ಬಿದ್ದ ಹಿಂದಿನ ಸಂಜೆ ನಾನು ಕೂಗಾಡಿದ್ದು ನಿಜ. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯಲ್ಲಿ ನೀನು ರಟ್ಟಿನ ಡಬ್ಬ ಕತ್ತರಿಸಿದ್ದೆ. ಇಷ್ಟು ವರ್ಷ ದರ್ಜಿಯ ಹೆಂಡತಿಯಾಗಿದ್ದೂ ಹೀಗೆ ಮಾಡಿದೆಯಲ್ಲ ಎಂದು ತಲೆ ಕೆಟ್ಟಿತು. 'ಇನ್ನೊಂದ್ಸಲ ಮುಟ್ಟಿದ್ರೆ ಕೈ ಮುರಿದ್ಹಾಕ್ತೀನಿ' ಅಂದೆ. ಅಂದದ್ದು ತಪ್ಪು. ಊಟದ ಹೊತ್ತಿಗೆ ಇಬ್ಬರೂ ನಗಾಡಿದ್ದೆವು, ಮಲಗಿದೆವು. ಬೆಳಕು ಹರಿಯುವುದಕ್ಕೆ ಮುಂಚೆ ನನ್ನ ಮುಷ್ಟಿ ನಿನ್ನ ಮುಖಕ್ಕೆ ಬಿತ್ತು, ಬಾಯಲ್ಲಿ 'ಬಿಡು, ಮುರಿದ್ಹಾಕ್ತೀನಿ' ಎಂಬ ಅದೇ ಮಾತು. ನಿನ್ನ ಕಿರುಚಾಟಕ್ಕೆ ನನಗೆ ಎಚ್ಚರವಾಯಿತು. ಕನಸಿನಲ್ಲಿ ನನ್ನ ಮೇಜಿನ ಮೇಲಿದ್ದ ಕೋಟನ್ನು ಒಂದು ಕರಿ ನಾಯಿ ಕಚ್ಚಿ ಎಳೆಯುತ್ತಿತ್ತು, ಅದನ್ನು ಹೊಡೆದೆ ಎಂದು ಆಗಲೇ ಹೇಳಿದೆ. ನೀನು ಕಣ್ಣಿಗೆ ಒದ್ದೆ ಬಟ್ಟೆ ಒತ್ತಿಕೊಂಡು, ನಿಮ್ಮ ಅಪ್ಪ ಪಂಡಿತರು ರೋಗಿಗಳಿಗೆ ಹೇಳುತ್ತಿದ್ದ ಹಾಗೆ, ನಿಧಾನವಾಗಿ ತೀರ್ಪು ಕೊಟ್ಟೆ: 'ಇದು ನಾಲ್ಕನೇದು ಕಣ್ರೀ. ಪ್ರಾರ್ಥಿತ.'

ನಿನ್ನ ಅಪ್ಪ ನಿನಗೆ ಕಲಿಸಿದ ಏಳು ಬಗೆ ನನಗೂ ಬಾಯಿಪಾಠ. ಮದುವೆಯಾದಾಗಿನಿಂದ ನಮ್ಮ ಮನೆಯ ಒಂದು ಕನಸೂ ನಿನ್ನ ವಿಂಗಡಣೆ ತಪ್ಪಿಸಿಕೊಂಡಿಲ್ಲ. ಹಗಲು ಕಂಡದ್ದು ರಾತ್ರಿ ಬಂದರೆ ದೃಷ್ಟ, ಕೇಳಿದ್ದು ಬಂದರೆ ಶ್ರುತ. ಮೈಯಲ್ಲಿ ಅನುಭವಿಸಿದ್ದು ಅನುಭೂತ. ಮೂರು ವರ್ಷದಿಂದ ನಾನು ನಿದ್ರೆಯಲ್ಲಿ ಕಾಲು ಝಾಡಿಸುತ್ತಿದ್ದಾಗ 'ರಾತ್ರಿಯೂ ಮಿಷನ್ ತುಳೀತೀರಲ್ರೀ' ಎಂದು ನಕ್ಕು ಅದಕ್ಕೇ ಸೇರಿಸಿದ್ದೆ. ಮನಸ್ಸು ಬಯಸಿದ್ದು ಪ್ರಾರ್ಥಿತ, ಕಟ್ಟಿಕೊಂಡದ್ದು ಕಲ್ಪಿತ. ಮುಂದೆ ಆಗುವುದನ್ನು ಹೇಳುವುದು ಭಾವಿಕ. ಕೊನೆಯದು ದೋಷಜ, ವಾತ ಪಿತ್ತ ಕಫ ಕೆಟ್ಟು ಹುಟ್ಟುವ ಕನಸು. ಮೊದಲ ಐದಕ್ಕೆ ಫಲವಿಲ್ಲ ಎಂದು ನಿಮ್ಮ ಅಪ್ಪನೇ ಹೇಳುತ್ತಿದ್ದರಲ್ಲ, ಹಾಗಾದರೆ ಪ್ರಾರ್ಥಿತಕ್ಕೆ ಇಷ್ಟು ದೊಡ್ಡ ಫಲ ಹೇಗೆ ಎಂದು ನಾನು ವಾದ ಹೂಡಿದೆ. ಎಂಥ ಮೂರ್ಖ ನಾನು! 'ಫಲ ಇಲ್ದಿದ್ರೆ ಬೇಡ, ಆಸೆ ಇತ್ತಲ್ಲ' ಅಂದೆ ನೀನು. ಮೂರನೆಯ ದಿನ ಹೊರಟೇಬಿಟ್ಟೆ. ಪೆಟ್ಟಿಗಲ್ಲ, ಆ ಆಸೆಗೆ ಹೆದರಿ ಹೋದೆ ಎಂದು ನನಗೆ ಗೊತ್ತು.

ಆಮೇಲೆ ನಾನು ನನ್ನೊಳಗೆ ಹುಡುಕಿದೆ ಕಣೆ. ನಿಜವಾಗಿ ಹುಡುಕಿದೆ. ಜೇಬು ಹೊರತಿರುಗಿಸಿ ನೋಡುವ ಹಾಗೆ. ನಿನ್ನನ್ನು ಹೊಡೆಯಬೇಕೆಂಬುದು ಎಲ್ಲಾದರೂ ಮೂಲೆಯಲ್ಲಿತ್ತೇ? ಇಲ್ಲ ಎಂದು ಆಣೆ ಮಾಡಲು ಹೋದರೆ ನಾಲಗೆ ತಡವರಿಸುತ್ತಿತ್ತು. ಯಾಕೆಂದರೆ ಮಲಗಿದವನ ಸಾಕ್ಷಿಯನ್ನು ಎದ್ದವನು ಹೇಗೆ ಹೇಳುವುದು? ಇಡೀ ದಿನ ಇದೇ ಯೋಚನೆ. ಒಂದು ಪ್ಯಾಂಟಿನ ಎರಡು ಕಾಲನ್ನೂ ಎಡಗಾಲಿಗೇ ಕತ್ತರಿಸಿಟ್ಟೆ. ಅದನ್ನು ನೋಡಿ ದೊಡ್ಡವಳು ನನ್ನ ಬಾಯಿ ಬಿಡಿಸಿದಳು. ಅಪ್ಪನ ಮುಖವನ್ನು ಹಾಗೆ ಓದುವುದನ್ನು ಅವಳು ನಿನ್ನಿಂದಲೇ ಕಲಿತದ್ದು. ಹೋದ ವಾರ ನಿದ್ರೆ ಪರೀಕ್ಷೆ ಮಾಡುವ ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ನಕ್ಕುಬಿಡಬೇಡ, ನಿನ್ನ ಗಂಡನನ್ನು ಅಲ್ಲಿ ಹೊಲಿಗೆ ಮಾದರಿಯ ಬೊಂಬೆಯ ಹಾಗೆ ನಿಲ್ಲಿಸಿ ಮೈತುಂಬ ತಂತಿ ಅಂಟಿಸಿದರು. ತಲೆಗೆ, ಕಣ್ಣಿನ ಪಕ್ಕಕ್ಕೆ, ಗಲ್ಲದ ಕೆಳಗೆ, ತೋಳಿಗೆ, ಕಾಲಿಗೆ. ಎದೆಗೆ ಒಂದು ಪಟ್ಟಿ. ಎದುರಿಗೆ ಕ್ಯಾಮೆರಾ. ತಂತಿ ಅಂಟಿಸಿದ ಹುಡುಗಿ 'ಈಗ ಮಾಮೂಲಿ ಹಾಗೆ ನಿದ್ದೆ ಮಾಡಿ' ಅಂದಳು. ಹೇಗೆ ತಾಯಿ, ಅಂದೆ. ಆದರೂ ನಿದ್ರೆ ಬಂತು. ಮರುದಿನ ಡಾಕ್ಟರಮ್ಮ ಗೆರೆಗಳನ್ನು ಮುಂದಿಟ್ಟುಕೊಂಡು ಒಂದು ಗಂಟೆ ವಿವರಿಸಿದರು. ರಾತ್ರಿಯ ನಿದ್ರೆ ಒಂದೇ ಥಾನು ಬಟ್ಟೆಯ ಹಾಗಲ್ಲವಂತೆ, ಸುಮಾರು ತೊಂಬತ್ತು ನಿಮಿಷದ ತುಂಡುಗಳು ಒಂದರ ಹಿಂದೊಂದು. ಮೊದಲ ತುಂಡುಗಳಲ್ಲಿ ಗಾಢನಿದ್ರೆ ಹೆಚ್ಚು. ಪ್ರತಿ ತುಂಡಿನ ಕೊನೆಗೆ, ಮುಚ್ಚಿದ ರೆಪ್ಪೆಯೊಳಗೆ ಕಣ್ಣು ಸರಸರ ಓಡುವ ನಿದ್ರೆ ಬರುತ್ತದಂತೆ. ಆಗ ಮಿದುಳು ಎಚ್ಚರದಲ್ಲಿರುವಷ್ಟೇ ಚುರುಕು. ಬೇರೆ ನಿದ್ರೆಯಲ್ಲೂ ಕನಸುಂಟು, ಆದರೆ ಕಥೆಯಂಥ ಕನಸುಗಳು ಇದರಲ್ಲೇ ಜಾಸ್ತಿ. ಮೊದಲ ಸಲ ಅದು ಹತ್ತು ನಿಮಿಷವೂ ಇರುವುದಿಲ್ಲ, ಬೆಳಗಿನ ಜಾವಕ್ಕೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಎಳೆಯುತ್ತದೆ.

ನನಗೆ ತಕ್ಷಣ ನಿನ್ನ ಜಾವಗಳ ಲೆಕ್ಕ ನೆನಪಾಯಿತು. ಮೊದಲ ಜಾವದ ಕನಸಿಗೆ ವರ್ಷಕ್ಕೆ ಫಲ, ಎರಡನೆಯದಕ್ಕೆ ಆರು ತಿಂಗಳು, ಮೂರನೆಯದಕ್ಕೆ ಮೂರು, ನಾಲ್ಕನೆಯದಕ್ಕೆ ಒಂದು, ಅರುಣೋದಯದ ಕನಸಿಗೆ ಹತ್ತೇ ದಿನ. ಕಂಡು ಮತ್ತೆ ಮಲಗಿದರೆ ಫಲ ಹೋಯಿತು, ಎದ್ದು ಕೂತರೆ ಉಳಿಯಿತು. ಹಗಲುಗನಸಿಗೂ, ತೀರ ಗಿಡ್ಡ, ತೀರ ಉದ್ದದ ಕನಸಿಗೂ ಲೆಕ್ಕವಿಲ್ಲ. ಇದನ್ನೆಲ್ಲ ಡಾಕ್ಟರಮ್ಮನಿಗೆ ಒಪ್ಪಿಸಿದೆ. ಹೀಯಾಳಿಸಲಿಲ್ಲ, ಪಾಪ, ಪೆನ್ನು ತೆಗೆದು ಬರೆದುಕೊಂಡರು. ಇಂತಿಷ್ಟು ದಿನಕ್ಕೆ ಫಲ ಎಂಬುದಕ್ಕೆ ತಮ್ಮಲ್ಲಿ ಯಾವ ಆಧಾರವೂ ಇಲ್ಲ ಎಂದು ಖಡಾಖಂಡಿತ ಹೇಳಿದರು. ಆದರೆ ಬೆಳಗಿನ ಕನಸಿಗೆ ಹಳಬರು ತೂಕ ಕೊಟ್ಟದ್ದು ಏಕಿರಬಹುದು ಎಂದು ಊಹಿಸಿದರು: ಆಗಿನ ಕನಸು ಉದ್ದ, ಅದರೊಳಗಿಂದಲೇ ಎಚ್ಚರವಾಗುವುದರಿಂದ ನೆನಪಿರುತ್ತದೆ, ಮತ್ತೆ ಮಲಗಿದರೆ ಮರೆತುಹೋಗುತ್ತದೆ. ಅತಿ ಗಾಢವಲ್ಲದ ನಿದ್ರೆಯಲ್ಲೇ ಮನಸ್ಸು ಕನಸು ಕಾಣುತ್ತದೆ ಎಂದು ನಿಮ್ಮ ಅಪ್ಪ ಹೇಳುತ್ತಿದ್ದುದನ್ನೂ ಹೇಳಿದೆ. 'ನಿಮ್ಮ ಮಾವನೋರು ಸರಿಯಾಗೇ ನೋಡಿದಾರೆ' ಅಂದರು. ಅವರಿದ್ದಿದ್ದರೆ ಒಂದು ವಾರ ಕಾಲು ನೆಲಕ್ಕೆ ತಾಕುತ್ತಿರಲಿಲ್ಲ.

ಈಗ ಮುಖ್ಯವಾದದ್ದು. ಆ ಕಣ್ಣೋಡುವ ನಿದ್ರೆಯಲ್ಲಿ ಮೈಯ ಸ್ನಾಯುಗಳೆಲ್ಲ ಸಡಿಲಬೇಕು. ಮಿದುಳಿನ ಕಾಂಡದಲ್ಲಿ ಅದಕ್ಕೊಂದು ತಡೆ ಇದೆ. ಕನಸಿನಲ್ಲಿ ಓಡಿದರೂ ಕಾಲು ಓಡದ ಹಾಗೆ ಅದು ಹಿಡಿದಿಡುತ್ತದೆ. ಗಲ್ಲದ ತಂತಿಯ ಗೆರೆ ಆಗ ಚಪ್ಪಟೆಯಾಗಿರಬೇಕು. ನನ್ನದು ಅಂಕುಡೊಂಕು ಹೊಲಿಗೆ ಹಾಕಿದ ಹಾಗೆ ಏರಿಳಿಯುತ್ತಿತ್ತು. ನನ್ನ ತಡೆ ಹಾಳಾಗಿದೆ. ವಿಡಿಯೋ ಹಾಕಿ ತೋರಿಸಿದರು. ಕಣ್ಣು ಮುಚ್ಚಿದ ಒಬ್ಬ ಮುದುಕ ಗಾಳಿಯನ್ನು ಗುದ್ದುತ್ತಿದ್ದ, ಒದೆಯುತ್ತಿದ್ದ. ನನಗೆ ಅವನನ್ನು ಕಂಡು ಭಯವಾಯಿತು ಕಣೆ. ನೀನು ಅವನ ಪಕ್ಕದಲ್ಲಿ ಮೂರು ವರ್ಷ ಮಲಗಿದ್ದೀಯಲ್ಲ ಎಂದು ಅಲ್ಲೇ ಅತ್ತುಬಿಟ್ಟೆ. ದೊಡ್ಡವಳು ಕೈ ಹಿಡಿದುಕೊಂಡಳು.

ನಾನು ಒಂದೇ ಪ್ರಶ್ನೆ ಕೇಳಿದೆ: ನನಗೆ ಹೊಡೆಯುವ ಆಸೆ ಇತ್ತೇ? ಡಾಕ್ಟರಮ್ಮ ಇಲ್ಲ ಎಂದು ತಲೆ ಅಲ್ಲಾಡಿಸಿದರು. ಈ ರೋಗದವರಲ್ಲಿ ಬಹಳ ಮಂದಿ ಐವತ್ತು ದಾಟಿದ ಗಂಡಸರಂತೆ, ಹಗಲಿನಲ್ಲಿ ಎಷ್ಟೋ ಜನ ತೀರ ಸಾಧುಗಳಂತೆ. ನಾಯಿ ಅಟ್ಟಿಸಿಕೊಂಡು ಬಂತು, ಕಳ್ಳ ನುಗ್ಗಿದ ಎಂದೇ ಹೇಳುತ್ತಾರಂತೆ. ಸಂಜೆಯ ಜಗಳದ ಮಾತು ಕನಸಿನೊಳಗೆ ನುಸುಳಿರಬಹುದು, ಆದರೆ ಕೈ ಎತ್ತಿಸಿದ್ದು ಆಸೆಯಲ್ಲ, ರೋಗ. ಕೇಳಿಸಿತೇ? ನಾಲ್ಕನೆಯದಲ್ಲ, ಏಳನೆಯದು. ದೋಷಜ! ಆ ಮಾತು ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ ಮಾತ್ರೆಯ ಚೀಟಿ ಹಿಡಿದು ಮದುವೆ ಕಾಗದ ಸಿಕ್ಕವನ ಹಾಗೆ ಹೊರಗೆ ಬಂದೆ. ಮಾತ್ರೆ ತೆಗೆದುಕೊಂಡರೆ ಒದೆತ ಕಡಿಮೆಯಾಗುತ್ತದೆ, ಪೂರ್ತಿ ಹೋಗುವ ಭರವಸೆ ಇಲ್ಲ. ನಾನು ಹೊರಕೋಣೆಯಲ್ಲಿ ನೆಲದ ಮೇಲೆ ಹಾಸಿಗೆ ಹಾಕಿಕೊಂಡಿದ್ದೇನೆ, ಸುತ್ತ ದಿಂಬು. ನೀನು ಬಂದರೆ ಒಳಗೆ ಚಿಲಕ ಹಾಕಿಕೊಂಡು ಮಲಗು, ನಾನು ಬೇಸರಪಡುವುದಿಲ್ಲ. ಬಾ ಎಂದು ಒತ್ತಾಯಿಸುವ ಮುಖ ನನಗಿಲ್ಲ. ಆದರೆ ಆ ಆಸೆಯ ಮಾತನ್ನು ಮಾತ್ರ ಮನಸ್ಸಿನಿಂದ ತೆಗೆದುಹಾಕು. ಅದೊಂದು ನನ್ನಿಂದ ತಡೆದುಕೊಳ್ಳಲು ಆಗುತ್ತಿಲ್ಲ.

ತಂಗಿಗೂ ಅವಳ ಯಜಮಾನರಿಗೂ ನನ್ನ ನಮಸ್ಕಾರ ತಿಳಿಸು. ಕಣ್ಣಿಗೆ ಬಿಸಿಲು ಬೀಳದ ಹಾಗೆ ನೋಡಿಕೋ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ,
ನಮ್ಮನೆಯವರು

ತಾ.ಕ.: ಬರೆಯಬಾರದು ಎಂದುಕೊಂಡಿದ್ದೆ, ದೊಡ್ಡವಳು ಬಿಡುತ್ತಿಲ್ಲ. ದೋಷಜ ಅಷ್ಟೇ ಅಲ್ಲ, ಭಾವಿಕವೂ ಹೌದಂತೆ. ಈ ಕನಸಿನ ರೋಗ ಬಂದವರಲ್ಲಿ ಹತ್ತಕ್ಕೆ ಏಳು ಮಂದಿಗೆ, ಹತ್ತು ಹನ್ನೆರಡು ವರ್ಷದೊಳಗೆ, ಕೈ ನಡುಗುವ ಕಾಯಿಲೆಯೋ ಬುದ್ಧಿ ಮಂಕಾಗುವ ಕಾಯಿಲೆಯೋ ಬರುತ್ತದೆ. ಅದನ್ನು ತಡೆಯುವ ಔಷಧ ಇನ್ನೂ ಇಲ್ಲ. ಅದರ ಮುಂಚಿನ ಗುರುತು ಹುಡುಕಲು, ವಾಸನೆ ಗೊತ್ತಾಗುತ್ತದೆಯೇ ಎಂದು ಡಾಕ್ಟರಮ್ಮ ಕೇಳಿದರು. ಹಾಲು ಹೊತ್ತಿದ್ದು ನನಗೆ ತಿಳಿಯದೆ ಎಷ್ಟು ದಿನವಾಯಿತು ನಿನಗೇ ಗೊತ್ತು. ಇನ್ನೊಂದು ಕೇಳಿದರು: ಅಕ್ಷರ ಮೊದಲಿಗಿಂತ ಸಣ್ಣಗಾಗಿದೆಯೇ? ಹಳೆಯ ಬರವಣಿಗೆ ತೋರಿಸಿ ಎಂದರು. ನೀನು ದೊಡ್ಡವಳ ಬಾಣಂತನಕ್ಕೆ ಹೋಗಿದ್ದಾಗ ನಾನು ಬರೆದ ಕಾಗದಗಳು ನಿನ್ನ ಪೆಟ್ಟಿಗೆಯಲ್ಲಿವೆ, ಆ ಪೆಟ್ಟಿಗೆ ನಿನ್ನ ಜೊತೆಯಲ್ಲೇ ಇದೆ. ಒಂದನ್ನು ತೆಗೆದು ಇದರ ಪಕ್ಕ ಇಟ್ಟು ನೋಡು. ನನ್ನ ಸಮಾಧಾನಕ್ಕೆ ಸುಳ್ಳು ಬರೆಯಬೇಡ. ಈ ಕೊನೆಯ ಸಾಲುಗಳು ನನಗೇ ಸಣ್ಣದಾಗಿ ಕಾಣುತ್ತಿವೆ. ಜಾಗ ಸಾಲದೆ ಒತ್ತಿ ಬರೆದಿದ್ದೇನೆ ಎಂದುಕೊಂಡೆ. ಆದರೆ ಕೆಳಗೆ ಇನ್ನೂ ಅರ್ಧ ಹಾಳೆ ಖಾಲಿ ಇದೆ.