ಚೆಲುವನ ಮೊಣಕೈ

೧೯೫೪ ಸೆಪ್ಟೆಂಬರ್ ೧೨, ಭಾನುವಾರ

ಆ ಸದ್ದು ಇನ್ನೂ ಕಿವಿಯಲ್ಲಿದೆ. ಚೆಲುವನ ಮೊಣಕೈ ಹಸಿ ಕಬ್ಬಿನಂತೆ ಲಟಕ್ಕನೆ ಮುರಿಯಿತು.

ಅಪ್ಪ ಸತ್ತಮೇಲೆ ಮನೆಯ ಆರು ಜನರ ಊಟ ನಾನು ಓಡಿಸುವ ಜಟಕಾದಿಂದ. ಬೆಳಗಿನ ಜಾವವೊಂದನ್ನೇ ನನಗೆಂದು ಉಳಿಸಿಕೊಂಡು ನಜರ್‌ಬಾದಿನ ಗರಡಿಗೆ ಹೋಗುತ್ತಿದ್ದೆ. ದಸರಾ ಕುಸ್ತಿಯಲ್ಲಿ ಗೆದ್ದು ಪೈಲ್ವಾನನೆನಿಸಿಕೊಳ್ಳಬೇಕು, ಆಸೆ ಅಷ್ಟೇ. ಚೆಲುವನೂ ಜಟಕಾದವನು, ಅವನ ಮನೆಗೂ ಅವನೊಬ್ಬನೇ ದಿಕ್ಕು. ಅದಕ್ಕೇ ಮಾತಾಡಿಕೊಂಡಿದ್ದೆವು. ಗರಡಿಯಲ್ಲಿ ಯಾರ ಕೈಕಾಲು ಮುರಿದರೂ ಇನ್ನೊಬ್ಬ ಅವನ ಗಾಡಿಯನ್ನೂ ಹೊಡೆದು ಆ ಮನೆಯನ್ನು ಸಾಕಬೇಕು.

ಇವತ್ತು ದಸರಾ ಕುಸ್ತಿಗೆ ಜೋಡಿ ಕಟ್ಟಲು ಉಸ್ತಾದರು ಹೆಸರು ಓದಿದರು. ನನ್ನದಿರಲಿಲ್ಲ. ಯಾಕೆಂದು ಕೇಳಿದೆ.

"ನಿಮ್ಮವ್ವ ಮನೆಗೆ ಬಂದು ಕಾಲು ಕಟ್ಕೊಂಡ್ರು ಕಣೋ. ನಿನ್ ಕೈ ಮುರಿದ್ರೆ ಆರು ಹೊಟ್ಟೆ ಉಪವಾಸ. ಈ ವರ್ಸ ಬುಟ್ಬುಡು."

ಮೈಯೆಲ್ಲ ಉರಿಯಿತು. ಆಮೇಲೆ ತಾಲೀಮಿಗೆ ಎದುರು ನಿಂತವನು ಚೆಲುವ. ಎತ್ತಿ ಕುಕ್ಕಿದೆ. ಮಂಡಿಯೂರಿ ಕೈ ತಿರುಚಿದೆ.

"ಸಾಕು ಬುಡ್ಲಾ" ಅಂದ.

ಕೇಳಿಸಿತು. ಬಿಡಲಿಲ್ಲ.

ಮನೆಗೆ ಬಂದು, ಅವ್ವ ಬಡಿಸಿದ ತಟ್ಟೆಯನ್ನು ಗೋಡೆಗೆ ಎಸೆದೆ. ಅವಳು ಚೆಲ್ಲಿದ ಅನ್ನ ಬಳಿದಳು.

ಸಂಜೆ ಚೆಲುವನ ಹೆಂಡತಿ ನೀಲಮ್ಮ ಅವನ ಕುದುರೆಯನ್ನು ತಂದು ನಮ್ಮ ಬಾಗಿಲಿಗೆ ಕಟ್ಟಿದಳು. "ನೀವಿಬ್ರೂ ಮಾತಾಡ್ಕೊಂಡಿದ್ರಂತಲ್ಲ" ಎಂದು ಜಗಲಿಯ ಮೇಲೆ ಚಾವಟಿ ಇಟ್ಟು ಹೋದಳು.

ಚೆಲುವನ ಗಿರಾಕಿಗಳೆಲ್ಲ ಬೆಳಗಿನ ಜಾವದ ರೈಲಿನವರು. ಹೊತ್ತು ಮೂಡುವ ಮುಂಚೆ ಸ್ಟೇಷನ್ನಿನಲ್ಲಿರಬೇಕು. ಗರಡಿ ಬಾಗಿಲು ತೆರೆಯುವುದೂ ಆಗಲೇ.