ಲಾಳಿ ತುಂಬಿತಾ ಎಂದು ಕೇಳಿದವನಿಗೆ

ದೊಡ್ಡಬಳ್ಳಾಪುರ
ಸೋಮವಾರ, ೧೦ ನವೆಂಬರ್ ೨೦೨೫

ಪ್ರೀತಿಯ ಉಮಾಶಂಕರ,

ಹೇಗಿದ್ದೀಯಪ್ಪಾ? ಸೂರತ್ತಿನ ಊಟ ಒಗ್ಗಿತೇ, ಕೆಮ್ಮು ನಿಂತಿತೇ? ಮೊಬೈಲಿನಲ್ಲೂ ಇದನ್ನೇ ಕೇಳಿದ್ದೆ. ನೀನು ನೋಡಿದ ಗುರುತು ಬಂತು, ಉತ್ತರ ಬರಲಿಲ್ಲ. ಅದಕ್ಕೇ ಈ ಕಾಗದ. ನಿನ್ನಪ್ಪ ಎರಡೂ ಮಗ್ಗ ಓಡಿಸುತ್ತಿದ್ದಾರೆ, ಮೊಣಕಾಲು ನೋವು ಹಾಗೇ ಇದೆ. ನನಗೆ ಮಾತ್ರ ಎರಡು ದಿನದಿಂದ ಕೂತಲ್ಲಿ ಕೂರಲಾಗುತ್ತಿಲ್ಲ.

ನಮ್ಮೂರ ವಾರಪತ್ರಿಕೆಯಲ್ಲಿ ‘ಅಕ್ಕನ ಉತ್ತರ’ ಬರೆಯುವವಳು ನಾನೇ. ನಿವೃತ್ತಿಯಾದ ಟೀಚರಮ್ಮನಿಗೆ ಇದೇನು ಹುಚ್ಚು ಎಂದು ನಗುತ್ತೀಯೆಂದು ನಿನಗೆ ಹೇಳಿರಲಿಲ್ಲ. ಈ ವಾರ ಒಬ್ಬ ಹುಡುಗಿ ಹೆಸರು ಹಾಕದೆ ಬರೆದಿದ್ದಾಳೆ. ಅವಳು ಮೆಚ್ಚಿದವನು ಮೂರು ದಿನ ಬಿಡದೆ ಅಕ್ಕರೆಯ ಮೆಸೇಜು ಕಳಿಸುತ್ತಾನಂತೆ. ಮದುವೆಯ ಮಾತು ಬಂದರೆ ‘ಹ್ಞೂಂ’, ‘ನೋಡೋಣ’, ಆಮೇಲೆ ವಾರ ಪೂರ್ತಿ ಏನೂ ಇಲ್ಲ. ಇವಳು ಬೇಸತ್ತು ಸುಮ್ಮನಾದ ಕೂಡಲೇ ‘ನೀನಿಲ್ದೆ ಆಗಲ್ಲ ಕಣೇ’ ಎಂದು ಮತ್ತೆ ಶುರು. ತನ್ನದೇ ತಪ್ಪೇನೋ ಎಂದು ಹುಡುಗಿ ಊಟ ಬಿಟ್ಟಿದ್ದಾಳೆ.

ಅವಳಿಗೆ ಉತ್ತರವನ್ನು ಸಲೀಸಾಗಿ ಹೀಗೆ ಬರೆದೆ: ಯಾವಾಗ ಬರುತ್ತದೋ ತಿಳಿಯದ ಅಕ್ಕರೆಗೇ ಮನಸ್ಸು ಹೆಚ್ಚು ಕಾಯುತ್ತದೆ, ಅದು ನಿನ್ನ ದಡ್ಡತನವಲ್ಲ. ಅವನಿಗೆ ಭಯವೋ, ಕೆಲಸದ ಒತ್ತಡವೋ, ಆಟವೋ, ಇಲ್ಲಿ ಕೂತು ನಾನು ಹೇಳಲಾರೆ. ಒಂದು ತಿಂಗಳ ಮೆಸೇಜುಗಳನ್ನು ತಾರೀಖಿನ ಸಮೇತ ಬರೆದು ನೋಡು, ಸಿಹಿಯಾದ ಒಂದನ್ನೇ ಹಿಡಿದು ಕೂರಬೇಡ. ಬೇಕೆಂದೇ ಸುಮ್ಮನಿದ್ದು ಅವನನ್ನು ಪರೀಕ್ಷಿಸಬೇಡ. ಫೋನ್ ಮಾಡಿ ಒಮ್ಮೆ ನೇರವಾಗಿ ಹೇಳು: ‘ಬಿಜಿ ಇದ್ರೆ ಹೇಳು, ಕಾಯ್ತೀನಿ. ಹೇಳ್ದೆ ಮಾಯ ಆದ್ರೆ ನಂಗೆ ಆಗಲ್ಲ.’ ಆಮೇಲೆ ಕೆಲವು ವಾರ ಅವನ ಮಾತನ್ನಲ್ಲ, ನಡತೆಯನ್ನು ನೋಡು. ಬದಲಾಗದಿದ್ದರೆ ಹೊರಟುಬಿಡು.

ಇಷ್ಟು ಬರೆದ ಮೇಲೆ, ಅವಳು ನಕಲು ಮಾಡಿ ಕಳಿಸಿದ್ದ ಅವನ ಮೆಸೇಜುಗಳನ್ನು ಓದಿದೆ. ‘ಲಾಳಿ ತುಂಬಿತಾ?’ ಎಂದಿತ್ತು. ಊಟವಾಯಿತೇ ಎನ್ನುವುದಕ್ಕೆ ನಿನ್ನಜ್ಜಿ ಕದಿರಮ್ಮ ಹುಟ್ಟಿಸಿದ ಮಾತು; ಈ ಊರಿನ ಬೇರೆ ಯಾವ ಮಗ್ಗದ ಮನೆಯಲ್ಲೂ ನಾನು ಅದನ್ನು ಕೇಳಿಲ್ಲ. ‘ಹೊರಟುಬಿಡು’ ಎಂಬ ಸಾಲನ್ನು ಹೊಡೆದುಹಾಕಿ ಅಂಗಳದಲ್ಲಿ ಅಡ್ಡಾಡಿದೆ. ನಿನ್ನಪ್ಪನೂ ವಾರಗಟ್ಟಲೆ ಮಾತು ಬಿಡುತ್ತಿದ್ದರು. ಸಾರಿಗೆ ಉಪ್ಪು ಹೆಚ್ಚಾಯಿತೇನೋ ಎಂದು ನಾನು ಹೆದರುತ್ತಿದ್ದೆ, ಒಂದು ದಿನವೂ ಬಾಯಿಬಿಟ್ಟು ಕೇಳಲಿಲ್ಲ. ನೀನು ಅದನ್ನು ನೋಡುತ್ತಲೇ ಬೆಳೆದೆ. ನನಗೆ ನಿನ್ನ ಮೇಲೆ ಸಿಟ್ಟು ಬಂದಿದೆ, ನನ್ನ ಮೇಲೂ. ಆ ಸಾಲನ್ನು ಮತ್ತೆ ಬರೆದು ಪತ್ರಿಕೆಗೆ ಕೊಟ್ಟುಬಂದೆ.

ಮೆಸೇಜುಗಳನ್ನು ಗುಟ್ಟಾಗಿಡಿ ಎಂದು ಆ ಹುಡುಗಿ ಬರೆದಿದ್ದಳು. ಒಡೆದವಳು ನಾನು, ಅವಳನ್ನು ಬೈಯಬೇಡ.

ಬಿಸಿನೀರು ಕುಡಿ, ಮಫ್ಲರ್ ಸುತ್ತಿಕೋ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮ,
ರುಕ್ಮಿಣಮ್ಮ

ಮರೆತಿದ್ದೆ: ಪತ್ರಿಕೆ ಶನಿವಾರ ಬರುತ್ತದೆ, ಅವಳು ಭಾನುವಾರ ಫೋನ್ ಮಾಡಬಹುದು. ಎತ್ತು. ಬೇಡವಾದರೆ ಬೇಡವೆಂದೇ ಹೇಳಿಬಿಡು, ಹುಡುಗಿ ಅತ್ತಾದರೂ ಊಟ ಮಾಡಲಿ. ಬೇಕಾದರೆ ಮನೆಗೆ ಕರೆದುಕೊಂಡು ಬಾ. ಲಾಳಿ ತುಂಬಿತಾ ಎಂದು ನಾನೇ ಕೇಳುತ್ತೇನೆ.